ಅಳಿಯನಿಗೆ ಬರೆದ ಪತ್ರ: ನಲವತ್ತು ಸಾವಿರ ಕಟ್ಟಿದರೆ ಬ್ಯಾಲೆನ್ಸ್ ಕಡಿಮೆ ಆಯಿತಂತೆ!

ಟಿಳಕವಾಡಿ ಮಾಮಾ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಕುಡೀತಾ ಓದಿ.

ನನ್ನ ಅಕ್ಕನ ಮಗ ಇಂಡಿ ತಾಲೂಕಿನ ಹಳ್ಳಿಯಲ್ಲಿ ಇದ್ದಾನೆ. ಎರಡು ಎಕರೆ ಲಿಂಬಿ, ಉಳಿದದ್ದು ಜೋಳ, ತೊಗರಿ. ನಮ್ಮ ಭಾವ ಹೋದ ಮೇಲೆ ಬ್ಯಾಂಕಿನ ಕಾಗದವೆಲ್ಲ ಅವನ ಕೈಗೆ ಬಂತು. ಪಾಸ್‌ಬುಕ್ ತೆಗೆದರೆ ಸಾಕು, ನನಗೆ ಫೋನ್. ಫೋನಿನಲ್ಲಿ ಹೇಳಿದ್ದು ಅವನಿಗೆ ನಿಲ್ಲುವುದಿಲ್ಲ. ಅದಕ್ಕೆ ಪಾಸ್‌ಬುಕ್ ಹೊದಿಕೆಯೊಳಗೆ ಮಡಚಿ ಇಟ್ಟುಕೊಳ್ಳಲಿ ಅಂತ ಕಾಗದದ ಮೇಲೇ ಬರೆದು ಕಳಿಸಿದೆ. ಅವನೇ ಕಳಿಸಿದ್ದ ಪುಟದ ಫೋಟೋ ಮುಂದಿಟ್ಟುಕೊಂಡು ಬರೆದದ್ದು ಇದು:

"ಚಿರಂಜೀವಿ ಅಳಿಯನಿಗೆ ಮಾಮಾನ ಆಶೀರ್ವಾದ. ನಿನ್ನ ಪಾಸ್‌ಬುಕ್‌ನಲ್ಲಿ ಸಾಲಿನ ಕೊನೆಗೆ ಇರುವ ಅಂಕಿಯೇ ಬ್ಯಾಲೆನ್ಸ್. ಅಂದರೆ ಆ ಹೊತ್ತಿಗೆ ನಿನ್ನ ಹೆಸರಿನಲ್ಲಿ ಉಳಿದ ದುಡ್ಡು. ಡೆಬಿಟ್ ಅಂದರೆ ಹೋಯಿತು. ಕ್ರೆಡಿಟ್ ಅಂದರೆ ಬಂತು. ಈಗ ಕೈಬೆರಳು ಇಟ್ಟು ಓದು. ಮೇ ತಿಂಗಳಲ್ಲಿ 6,914 ಇತ್ತು. 28ಕ್ಕೆ 436 ಹೋಯಿತು, 20 ಹೋಯಿತು. ಅವು ಎರಡು ವಿಮೆಯ ಕಂತು, ಕಳ್ಳತನ ಅಲ್ಲ. ಉಳಿದದ್ದು 6,458. ಜೂನ್ 30ಕ್ಕೆ ಬಡ್ಡಿ 45 ಬಂತು, 6,503 ಆಯಿತು. ಜುಲೈ 4ಕ್ಕೆ ಲಿಂಬಿ ದುಡ್ಡು 11,200 ಬಂತು, 17,703. ಒಂಬತ್ತಕ್ಕೆ ನೀನು ಎಟಿಎಂನಲ್ಲಿ 5,000 ತೆಗೆದೆ, 12,703. ಪ್ರತಿ ಸಾಲಿಗೂ ಹಿಂದಿನ ಬ್ಯಾಲೆನ್ಸ್‌ಗೆ ಕೂಡಿಸು ಇಲ್ಲ ಕಳೆ. ತಾಳೆ ಬಂದರೆ ಸರಿ. ಬರದಿದ್ದರೆ ನಡುವೆ ಒಂದು ಸಾಲು ಪ್ರಿಂಟ್ ಆಗಿಲ್ಲ ಅಂತ ತಿಳಿ..."

ಚಂದ ಬರೆದೆ ಅಂದುಕೊಂಡಿದ್ದೆ. ಹತ್ತು ದಿನಕ್ಕೆ ಫೋನ್ ಬಂತು. "ಮಾಮಾ, ಸಾಲದ ಪಾಸ್‌ಬುಕ್ ತಗದೀನಿ. ನಲವತ್ತು ಸಾವಿರ ಕಟ್ಟೀನಿ, ಬ್ಯಾಲೆನ್ಸ್ ಕಡಿಮಿ ಆಗ್ಯಾದ! ನಿನ್ನ ಪತ್ರ ತೋರಿಸಿ ಬ್ಯಾಂಕಿನ್ಯಾಗ ಜಗಳಾ ಮಾಡಿ ಬಂದೀನಿ."

ಅದು ಬೆಳೆಸಾಲದ ಪಾಸ್‌ಬುಕ್, ಕಿಸಾನ್ ಕ್ರೆಡಿಟ್ ಕಾರ್ಡಿನದು. ಅದರಲ್ಲಿ ಇರುವುದು ಹೀಗೆ:

```
15-11  TO CASH   1,40,000        1,40,000 Dr
31-03  TO INT       3,652        1,43,652 Dr
10-06  BY CASH            40,000 1,03,652 Dr
```

ನನ್ನ ಪತ್ರದ ಲೆಕ್ಕದ ಪ್ರಕಾರ ಹೋದರೆ ಅವನಿಗೆ ಅಲ್ಲಿ ಒಂದು ಲಕ್ಷ ಮೂರು ಸಾವಿರ 'ಉಳಿದ ದುಡ್ಡು' ಇರಬೇಕು! ಇದು ಸಾಲ ಅಂತ ನನಗೆ ಗೊತ್ತು. ಆದರೆ ಅದೇ ಡೆಬಿಟ್, ಅದೇ ಕ್ರೆಡಿಟ್, ಅದೇ ಬ್ಯಾಲೆನ್ಸ್ ಶಬ್ದ ಇಲ್ಲಿ ಯಾಕೆ ತಿರುಗಿ ನಿಂತಿವೆ ಅಂತ ಅವನಿಗೆ ಹೇಳಲು ಬರುತ್ತಿಲ್ಲ. ಪತ್ರ ತಿದ್ದಬೇಕು. ಹೇಗೆ ತಿದ್ದಲಿ?

ಸುಮ್ನೆ ಓದೋನು
ಮಗಳನ್ನು ಕೊಟ್ಟ ಮೇಲೆ ಅಳಿಯನ ಪಾಸ್‌ಬುಕ್ ನೋಡೋ ಮಾವಂದಿರು ಇದ್ದಾರೆ ಅಂತ ಕೇಳಿದ್ದೆ. ಇವತ್ತು ಕಂಡೆ 😄

ಟಿಳಕವಾಡಿ ಮಾಮಾ
ಅಕ್ಕನ ಮಗ ಅಂತ ಎರಡನೇ ಸಾಲಿನಲ್ಲೇ ಬರೆದಿದ್ದೇನೆ ಮಾರಾಯಾ.

ಡಿಗ್ರಿ ಕಾಲೇಜು ಮೇಷ್ಟ್ರು
ನಿಮ್ಮ ಪತ್ರದ ಮೊದಲ ಭಾಗವೇ ತಪ್ಪು ಸರ್. ನಾನು ವಿಜಯಪುರದಲ್ಲಿ ಬಿ.ಕಾಂ. ಹುಡುಗರಿಗೆ ಹೇಳಿಕೊಡುವ ಮೊದಲ ನಿಯಮ: ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ದುಡ್ಡು ಬಂದರೆ ಅದು ಡೆಬಿಟ್ ಆಗಬೇಕು. ಬ್ಯಾಂಕಿನವರು ಪಾಸ್‌ಬುಕ್‌ನಲ್ಲಿ ಉಲ್ಟಾ ಬರೆಯುತ್ತಾರೆ. ಹಾಗಾಗಿ ಎಲ್ಲರ ತಲೆ ಕೆಟ್ಟಿದೆ. ಹುಡುಗನಿಗೆ ಸರಿಯಾದ ನಿಯಮ ಕಲಿಸಿ.

ಕೌಂಟರ್ ಮೂರು
ಮೇಷ್ಟ್ರೇ, ನಿಮ್ಮ ನಿಯಮ ಸರಿ, ಆದರೆ ಬ್ಯಾಂಕು ಉಲ್ಟಾ ಬರೆಯುತ್ತದೆ ಅನ್ನೋದು ಸರಿಯಲ್ಲ. ನಾನು ಬಾಗಲಕೋಟೆ ಕಡೆಯ ಶಾಖೆಗಳಲ್ಲಿ 31 ವರ್ಷ ಕೌಂಟರಿನ ಹಿಂದೆ ಕುಳಿತವನು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಸ್‌ಬುಕ್ ನಿಮ್ಮ ಪುಸ್ತಕ ಅಲ್ಲ. ಮೇಲೆ ನಿಮ್ಮ ಹೆಸರಿದೆ, ನಿಮ್ಮ ಟ್ರಂಕಿನಲ್ಲಿ ಇದೆ, ಅಷ್ಟೇ. ಅದು ಬ್ಯಾಂಕಿನ ಲೆಡ್ಜರಿನಲ್ಲಿ ನಿಮ್ಮ ಹೆಸರಿಗೆ ಇರುವ ಪುಟದ ನಕಲು. ಹಿಂದೆ ದೊಡ್ಡ ಲೆಡ್ಜರ್ ತೆಗೆದು, ಅದನ್ನು ನೋಡಿಕೊಂಡು ಕೈಯಲ್ಲಿ ಪಾಸ್‌ಬುಕ್ ಬರೆದುಕೊಡುತ್ತಿದ್ದೆವು. ಈಗ ಮಶೀನು ಕಟಕಟ ಅನ್ನುತ್ತದೆ, ಆದರೆ ನಕಲು ಮಾಡುವುದು ಅದೇ ಪುಟವನ್ನು.

ಹುಡುಗ 40,000 ಕಟ್ಟಿದಾಗ ಬ್ಯಾಂಕಿನಲ್ಲಿ ಎರಡು ಕಡೆ ಬರೆಯುತ್ತಾರೆ. ಬ್ಯಾಂಕಿನ ನಗದು ಪುಟದಲ್ಲಿ ದುಡ್ಡು ಬಂತು, ಅಲ್ಲಿ ಅದು ಡೆಬಿಟ್. ಮೇಷ್ಟ್ರ ನಿಯಮ ಇದೇ. ಹುಡುಗನ ಪುಟದಲ್ಲಿ ಅವನು ಕೊಟ್ಟ, ಅಲ್ಲಿ ಅದು ಕ್ರೆಡಿಟ್. ಪಾಸ್‌ಬುಕ್‌ಗೆ ಬರುವುದು ಎರಡನೆಯ ಪುಟ ಮಾತ್ರ. ಮೊದಲನೆಯದನ್ನು ಗಿರಾಕಿ ಯಾವತ್ತೂ ನೋಡುವುದಿಲ್ಲ.

ಆದ್ದರಿಂದ ಕ್ರೆಡಿಟ್ ಅನ್ನುವುದನ್ನು 'ಬಂತು' ಅಂತ ಓದಬೇಡಿ, 'ಈ ಮನುಷ್ಯ ಕೊಟ್ಟ' ಅಂತ ಓದಿ. ಡೆಬಿಟ್ ಅಂದರೆ 'ಈ ಮನುಷ್ಯ ತಗೊಂಡ'. ಉಳಿತಾಯದ ಪುಸ್ತಕ, ಸಾಲದ ಪುಸ್ತಕ ಎರಡರಲ್ಲೂ ಇದು ಒಂದೇ. ಏನೂ ತಿರುಗಿಲ್ಲ. ತಿರುಗಿರುವುದು ಬ್ಯಾಲೆನ್ಸ್ ಮಾತ್ರ. ಅದರ ಪಕ್ಕದ ಎರಡು ಅಕ್ಷರ ನೋಡಿ. `Cr` ಇದ್ದರೆ ನೀವು ಕೊಟ್ಟದ್ದು ಜಾಸ್ತಿ, ಬ್ಯಾಂಕು ನಿಮಗೆ ಕೊಡಬೇಕು. `Dr` ಇದ್ದರೆ ನೀವು ತಗೊಂಡದ್ದು ಜಾಸ್ತಿ, ನೀವು ಬ್ಯಾಂಕಿಗೆ ಕೊಡಬೇಕು. ಹುಡುಗ 40,000 ಕೊಟ್ಟ, ಕೊಡಬೇಕಾದದ್ದು 1,43,652ರಿಂದ 1,03,652ಕ್ಕೆ ಇಳಿಯಿತು. ಖುಷಿಪಡಬೇಕಾದ ಸಾಲು ಅದು.

ಎಂಸಿಎ ಹುಡುಗ
ಇಷ್ಟು ಕಥೆ ಯಾಕೆ? ಆ್ಯಪ್‌ನಲ್ಲಿ ಹಸಿರು ಬಣ್ಣ ಬಂದರೆ ಬಂತು, ಕೆಂಪು ಬಂದರೆ ಹೋಯಿತು. ಮುಗೀತು.

ಕೌಂಟರ್ ಮೂರು
ತಮ್ಮಾ, ಆ 'ಬಂತು, ಹೋಯಿತು' ಲೆಕ್ಕ ಹಿಡಿದುಕೊಂಡೇ ಅವನು ಜಗಳ ಮಾಡಿ ಬಂದದ್ದು.

ಇಳಕಲ್ ಅಂಗಡಿ
ಕೌಂಟರ್ ಸಾಹೇಬರು ಹೇಳಿದ್ದನ್ನು ನಮ್ಮ ಅಜ್ಜ ಒಂದು ವಹಿಯಲ್ಲಿ ತೋರಿಸುತ್ತಿದ್ದರು. ಸೀರೆ ಅಂಗಡಿ ನಮ್ಮದು. ದೀಪಾವಳಿ ಪೂಜೆಗೆ ಹೊಸ ಕೆಂಪು ವಹಿ, ಪ್ರತಿ ಗಿರಾಕಿಗೆ ಒಂದು ಪುಟ. ಒಬ್ಬರು 3,200ರ ಸೀರೆ ಉದ್ರಿ ಒಯ್ದರು ಅಂದ್ರೆ ಅವರ ಪುಟದಲ್ಲಿ 'ನಾವೆ' 3,200. ಸಂತೆ ದಿನ 1,200 ಕೊಟ್ಟರು, 'ಜಮಾ' 1,200. ಬಾಕಿ 2,000. ಇದೇ ನಿಮ್ಮ ಅಳಿಯನ ಸಾಲದ ಪಾಸ್‌ಬುಕ್! ನಾವೆ ಅಂದರೆ ಡೆಬಿಟ್, ಜಮಾ ಅಂದರೆ ಕ್ರೆಡಿಟ್.

ಇನ್ನೊಬ್ಬರು ಮಗಳ ಮದುವೆಗೆ ಸೀರೆ ನೇಯಿಸಲು 5,000 ಮುಂಗಡ ಇಟ್ಟು ಹೋದರು. ಅವರ ಪುಟದಲ್ಲಿ ಜಮಾ 5,000. ಈಗ ಕೊಡಬೇಕಾದವರು ನಾವು. ಇದು ಉಳಿತಾಯ ಖಾತೆ. ವಹಿ ಒಂದೇ, ಅಂಕಣ ಅವೇ, ಗಿರಾಕಿ ಬೇರೆ. ಅಳಿಯನಿಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಗೊತ್ತೇ ಇರುತ್ತೆ. ಅಲ್ಲಿಂದ ಶುರು ಮಾಡಿ ನೋಡಿ.

ಒಂದು ಮಾತು: ನಮ್ಮ ವಹಿಯಲ್ಲಿ ಜಮಾ ಎಡಕ್ಕೆ, ನಾವೆ ಬಲಕ್ಕೆ. ಪಾಸ್‌ಬುಕ್‌ನಲ್ಲಿ ತೆಗೆದದ್ದು ಮೊದಲು, ಕಟ್ಟಿದ್ದು ಆಮೇಲೆ. ಮೊದಲ ಸಲ ಬ್ಯಾಂಕಿಗೆ ಹೋದಾಗ ನಾನೂ ಎರಡು ಅಂಕಣ ಅದಲುಬದಲು ಓದಿ ಬೆವರಿದ್ದೆ.

ಟಿಳಕವಾಡಿ ಮಾಮಾ
ಉದ್ರಿ ಪುಸ್ತಕ! ಇದು ಅವನ ತಲೆಗೆ ಇಳಿಯುತ್ತೆ. ಊರ ಅಂಗಡಿಯಲ್ಲಿ ಅವರ ಮನೆಯ ಪುಟ ತುಂಬಿ ಇನ್ನೊಂದು ಪುಟಕ್ಕೆ ಹೋಗಿದೆ.

ಇನ್ನೊಂದು ಸಂಶಯ. `TO`, `BY` ಅಂತ ಯಾಕೆ? `BY CASH` ನೋಡಿ ಯಾರೋ ನಗದು ಒಯ್ದಿದ್ದಾರೆ ಅಂತಲೇ ಅವನು ಕೂಗಾಡಿದ್ದು.

ಡಿಗ್ರಿ ಕಾಲೇಜು ಮೇಷ್ಟ್ರು
ಇದನ್ನು ನಾನು ಹೇಳುತ್ತೇನೆ. ಹಳೆಯ ಲೆಡ್ಜರ್ ಪದ್ಧತಿ ಅದು. ಡೆಬಿಟ್ ಕಡೆ ಬರೆಯುವಾಗ `To`, ಕ್ರೆಡಿಟ್ ಕಡೆ ಬರೆಯುವಾಗ `By` ಹಚ್ಚುತ್ತಾರೆ. ಕೆಲವು ಬ್ಯಾಂಕುಗಳು ಈಗಲೂ ಬಿಟ್ಟಿಲ್ಲ. ಉಳಿತಾಯ ಖಾತೆಯಲ್ಲಿ `BY TRANSFER` ಕಂಡರೆ ಖಾತೆಗೆ ಬಂದದ್ದು, `TO TRANSFER` ಕಂಡರೆ ಹೋದದ್ದು.

ಮತ್ತೆ ಕೌಂಟರ್ ಸಾಹೇಬರಿಗೆ: ನನ್ನ ನಿಯಮ ತಪ್ಪಲ್ಲ. ಹುಡುಗ ತನ್ನದೇ ಲೆಕ್ಕದ ಪುಸ್ತಕ ಇಟ್ಟರೆ ಬ್ಯಾಂಕಿನಲ್ಲಿಟ್ಟ ದುಡ್ಡನ್ನು ಡೆಬಿಟ್ ಅಂತಲೇ ಬರೆಯಬೇಕು.

ಕೌಂಟರ್ ಮೂರು
ಒಪ್ಪಿದೆ. ಅವನು ಪುಸ್ತಕ ಇಟ್ಟ ದಿನ ನೀವೇ ಹೋಗಿ ಕಲಿಸಿ ಬನ್ನಿ 🙂

ಸುಮ್ನೆ ಓದೋನು
ನನಗೊಂದು ಅರ್ಥ ಆಗಲಿಲ್ಲ. ಕ್ರೆಡಿಟ್ ಅಂದ್ರೆ ಸಾಲ ಅಲ್ವಾ? ಕಿಸಾನ್ ಕ್ರೆಡಿಟ್ ಕಾರ್ಡ್ ಅಂದ್ರೆ ಸಾಲದ ಕಾರ್ಡು. ಹಂಗಾದ್ರೆ ಸಾಲದ ಪುಸ್ತಕದಲ್ಲಿ ಸಾಲ ಕೊಟ್ಟದ್ದು ಕ್ರೆಡಿಟ್ ಆಗಬೇಕಲ್ಲ? ಡೆಬಿಟ್ ಅಂತ ಯಾಕಿದೆ?

ಕೌಂಟರ್ ಮೂರು
ಒಳ್ಳೆ ಪ್ರಶ್ನೆ, ತಮಾಷೆ ಮಾಡುವವರೇ ಕೇಳಿದಿರಿ. ಆ ಶಬ್ದದ ಮೂಲ ಲ್ಯಾಟಿನ್, 'ನಂಬುವುದು' ಅಂತ ಅರ್ಥ. 1998ರಲ್ಲಿ ಕಿಸಾನ್ ಕಾರ್ಡ್ ಶುರುವಾದಾಗ ಹೆಸರಿನಲ್ಲಿ ಬಂದ 'ಕ್ರೆಡಿಟ್', ಬ್ಯಾಂಕು ರೈತನನ್ನು ನಂಬಿ ಕೊಡುವ ದುಡ್ಡು. ಪಾಸ್‌ಬುಕ್ ಅಂಕಣದ 'ಕ್ರೆಡಿಟ್' ಬರೀ ಜಮಾ. ಕಾರ್ಡಿನ ಹೆಸರು ಬೇರೆ, ಅಂಕಣದ ಹೆಸರು ಬೇರೆ ಅಂತ ಇಟ್ಟುಕೊಳ್ಳಿ. ಪತ್ರದಲ್ಲಿ ಇದನ್ನು ಒಂದು ಸಾಲು ಬರೆಯಲೇಬೇಕು ಮಾಮಾರೇ. ಕೌಂಟರಿನಲ್ಲಿ "ಕ್ರೆಡಿಟ್ ಆಗ್ಯಾದ ಅಂದ್ರ ನನ್ನ ಮ್ಯಾಲ ಸಾಲ ಆತೇನ್ರೀ?" ಅಂತ ಗಾಬರಿಯಾದವರನ್ನು ಎಷ್ಟೋ ಸಲ ಕೂರಿಸಿ ನೀರು ಕೊಟ್ಟಿದ್ದೇನೆ.

ಗೋಕಾಕ ಅಕ್ಕ
ಆ 436 ಬಗ್ಗೆ ಕೇಳಬೇಕಿತ್ತು. ನನಗೆ ಎರಡು ಬ್ಯಾಂಕಿನಲ್ಲಿ ಖಾತೆ ಇದೆ. ಎರಡರಲ್ಲೂ ಮೇ ಕೊನೆಗೆ 436 ಕಟ್ ಆಗಿದೆ. ಒಂದು ಕಡೆ ಗೃಹಲಕ್ಷ್ಮಿಯ 2,000 ಬಂದ ವಾರದಲ್ಲೇ ಕಟ್. ನಾನು ಎಲ್ಲಿ ಸಹಿ ಮಾಡಿದ್ದೆ ಅಂತಲೂ ನೆನಪಿಲ್ಲ. ಎರಡು ಕಡೆ ಕಟ್ಟಿದರೆ ವಿಮೆ ನಾಲ್ಕು ಲಕ್ಷ ಆಗುತ್ತಾ?

ಕೌಂಟರ್ ಮೂರು
ಆಗಲ್ಲ ಅಕ್ಕಾರೇ. ಅದು ಜೀವನ ಜ್ಯೋತಿ ವಿಮೆ, ಒಬ್ಬರಿಗೆ ಒಂದೇ ಖಾತೆಯಿಂದ. ಎರಡು ಕಡೆ ಕಟ್ಟಿದರೂ ಎರಡು ಲಕ್ಷವೇ. ಎರಡನೆಯ ಕಂತು ವಾಪಸ್ ಸಿಗುತ್ತೆ ಅಂತ ಭರವಸೆ ಇಡಬೇಡಿ. ಒಂದು ಶಾಖೆಗೆ ಹೋಗಿ "ಈ ಖಾತೆಯಿಂದ ಕಂತು ಕಡಿತ ನಿಲ್ಲಿಸಿ" ಅಂತ ಬರೆದುಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಇದರ ವರ್ಷ ಜೂನ್ 1ರಿಂದ ಮೇ 31. ಅದಕ್ಕೇ ಕಡಿತ ಮೇ ಕೊನೆಗೆ ಬರುತ್ತೆ. ಮೇ ಮೊದಲ ವಾರದಲ್ಲೇ ಅರ್ಜಿ ಕೊಡಿ. 20 ರೂಪಾಯಿಯದು ಅಪಘಾತ ವಿಮೆ, ಸುರಕ್ಷಾ ಬಿಮಾ.

ಗೋಕಾಕ ಅಕ್ಕ
ಒಂದು ಶಾಖೆಯಲ್ಲಿ ಆಗಲೇ ಕೇಳಿದೆ. "ಸಿಸ್ಟಮ್ ತಾನೇ ಕಟ್ ಮಾಡುತ್ತೆ, ನಮ್ಮ ಕೈಯಲ್ಲಿ ಇಲ್ಲ" ಅಂದರು. ಬರೆದುಕೊಟ್ಟು ನೋಡ್ತೀನಿ.

ಲಿಂಬಿ ತೋಟ
ಮಾಮಾರ, ನಾನೂ ಇಂಡಿ ಕಡೆಯವನೇ. ನಿಮ್ಮ ಅಳಿಯ ಮುಂದೆ ಬೀಳುವ ಗುಂಡಿ ಹೇಳ್ತೀನಿ, ನಾನು ಬಿದ್ದು ಎದ್ದಿದ್ದೀನಿ.

ಕಿಸಾನ್ ಖಾತೆಗೆ ಕಾರ್ಡ್ ಕೊಟ್ಟಿರುತ್ತಾರಲ್ಲ, ಅದನ್ನು ಎಟಿಎಂಗೆ ಹಾಕಿದರೆ ಚೀಟಿಯಲ್ಲಿ 'ಅವೈಲೇಬಲ್ ಬ್ಯಾಲೆನ್ಸ್' ಅಂತ ಒಂದು ಅಂಕಿ ಬರುತ್ತೆ. ಪಾಸ್‌ಬುಕ್ ಅಂಕಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ನಾನು ಮೊದಲ ವರ್ಷ ಅದನ್ನು ನನ್ನ ದುಡ್ಡು ಅಂದುಕೊಂಡು ತೆಗೆದು ಬೋರಿನ ಪೈಪಿಗೆ ಹಾಕಿದೆ. ಆಮೇಲೆ ಬಡ್ಡಿ ಬಿತ್ತು.

ಟಿಳಕವಾಡಿ ಮಾಮಾ
ಅಯ್ಯೋ, ಅವನ ಹತ್ತಿರ ಆ ಕಾರ್ಡ್ ಇದೆ. ಅವನ ಮಿತಿ 1,50,000.

ಕೌಂಟರ್ ಮೂರು
ಹಾಗಾದರೆ ಅವನ ಚೀಟಿಯಲ್ಲಿ 46,348 ಬರುತ್ತೆ. ಒಂದೂವರೆ ಲಕ್ಷದಲ್ಲಿ 1,03,652 ಕಳೆದು ನೋಡಿ. ಅದು ಉಳಿದ ದುಡ್ಡಲ್ಲ, ಇನ್ನೂ ಎತ್ತಬಹುದಾದ ಸಾಲ. ಕಿಸಾನ್ ಖಾತೆ ಬಾವಿ ಹಗ್ಗದ ಹಾಗೆ. ಕಟ್ಟಿದಷ್ಟು ಮತ್ತೆ ಬಿಡಬಹುದು, ಮಿತಿ ದಾಟುವ ಹಾಗಿಲ್ಲ. ಒಂದೇ ದಿನ ಅವನ ಕೈಯಲ್ಲಿ ಮೂರು 'ಬ್ಯಾಲೆನ್ಸ್' ಇರುತ್ತೆ ನೋಡಿ. ಉಳಿತಾಯದ 12,703 ಅವನದು. ಸಾಲದ 1,03,652 ಬ್ಯಾಂಕಿನದು. ಚೀಟಿಯ 46,348 ಇನ್ನೂ ಯಾರದೂ ಆಗಿಲ್ಲ.

ಲಿಂಬಿ ತೋಟ
ಮೂರನೆಯದು ಯಾರದೂ ಅಲ್ಲ ಅಂತ ಆಗ ಒಬ್ಬರು ಹೇಳಿದ್ದರೆ ನನ್ನ ಪೈಪು ಉಳಿಯುತ್ತಿತ್ತು. ಬಡ್ಡಿಯ ಲೆಕ್ಕವನ್ನೂ ಸ್ವಲ್ಪ ಹೇಳಿ ಸಾಹೇಬರೇ. ಆ 3,652 ಎಲ್ಲಿಂದ ಬಂತು? ಅವನಿಗೆ ಅದೂ ಕಳ್ಳತನದ ಹಾಗೆ ಕಾಣುತ್ತೆ.

ಕೌಂಟರ್ ಮೂರು
ನವೆಂಬರ್ 15ರಿಂದ ಮಾರ್ಚ್ 31ಕ್ಕೆ 136 ದಿನ. ಒಂದು ಲಕ್ಷ ನಲವತ್ತು ಸಾವಿರಕ್ಕೆ ಶೇಕಡಾ 7ರಂತೆ ವರ್ಷಕ್ಕೆ 9,800. ಅದನ್ನು 365ರಿಂದ ಭಾಗಿಸಿ 136ರಿಂದ ಗುಣಿಸಿದರೆ 3,652 ಹತ್ತಿರ. ಸರಿಯಾಗಿದೆ. ಬಡ್ಡಿ ಹಚ್ಚುವ ತಾರೀಖು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರಬಹುದು, ಗುಣಾಕಾರ ಇದೇ. ಬಡ್ಡಿ ಅವನ ಕೈಗೆ ಬಂದ ದುಡ್ಡಲ್ಲ, ಆದರೂ ಡೆಬಿಟ್, ಯಾಕಂದರೆ ಅವನ ಮೇಲೆ ಬಿದ್ದದ್ದು. 'ತಗೊಂಡ' ಅಂತ ನಾನು ಹೇಳಿದ್ದು ಇಲ್ಲಿ ಸ್ವಲ್ಪ ಕುಂಟುತ್ತೆ. 'ಅವನ ಹೆಸರಿಗೆ ಬಿತ್ತು' ಅಂದರೆ ಹೆಚ್ಚು ಸರಿ. ಇಳಕಲ್ ಅಂಗಡಿಯವರ 'ನಾವೆ' ಅದೇ ಅಲ್ವಾ, ಮರಾಠಿಯಲ್ಲಿ ಹೆಸರಿಗೆ ಅಂತ.

ನಡುವೆ 40,000 ಕಟ್ಟಿದ್ದು ವ್ಯರ್ಥ ಅಲ್ಲ. ಅಷ್ಟಕ್ಕೆ ದಿನಕ್ಕೆ ಏಳು ರೂಪಾಯಿ ಅರವತ್ತು ಪೈಸೆಯ ಮೇಲೆ ಬಡ್ಡಿ ನಿಂತಿತು. ಪೂರ್ತಿ ಸಾಲವನ್ನು ಗಡುವಿನೊಳಗೆ ತೀರಿಸಿದರೆ ಇನ್ನೂ ಶೇಕಡಾ 3 ರಿಯಾಯಿತಿ ಸಿಗುತ್ತೆ, ಕೊನೆಗೆ 4 ಬೀಳುತ್ತೆ. ಮೂರು ಲಕ್ಷದ ಒಳಗಿನ ಬೆಳೆಸಾಲಕ್ಕೆ ಇದು. ಆ ರಿಯಾಯಿತಿಯೂ ಆಮೇಲೆ ಒಂದು ದಿನ ಕ್ರೆಡಿಟ್ ಅಂಕಣದಲ್ಲೇ ಬರುತ್ತೆ. "ನಾನು ಕಟ್ಟೇ ಇಲ್ಲ, ಇದ್ಯಾವ ದುಡ್ಡು" ಅಂತ ಮತ್ತೆ ಫೋನ್ ಬರುತ್ತೆ, ತಯಾರಿರಿ.

ಎಂಸಿಎ ಹುಡುಗ
ಸೊಸೈಟಿಯಲ್ಲಿ ಬಡ್ಡಿಯೇ ಇಲ್ವಲ್ಲ? ನಮ್ಮಪ್ಪ ಮುಧೋಳದಲ್ಲಿ ಅಲ್ಲಿಂದಲೇ ತಗೋತಾರೆ.

ಕೌಂಟರ್ ಮೂರು
ಅದು ರಾಜ್ಯದ ಶೂನ್ಯ ಬಡ್ಡಿ ಸಾಲ, ಸಹಕಾರ ಸಂಘದ ಮೂಲಕ, ಸಕಾಲಕ್ಕೆ ತೀರಿಸಿದವರಿಗೆ. ಇವನದು ಬೇರೆ ಬ್ಯಾಂಕು. ಗಡುವು ದಾಟಿದರೆ ಅಲ್ಲಿಯೂ ಬಡ್ಡಿ ಬೀಳುತ್ತೆ, ಅಪ್ಪನವರಿಗೆ ನೆನಪಿಸಿ.

ಇಳಕಲ್ ಅಂಗಡಿ
ಬ್ಯಾಲೆನ್ಸ್‌ಗೆ ಕನ್ನಡದಲ್ಲಿ ಏನು ಬರೀತೀರಿ ಮಾಮಾರೇ? ನಾವು ಶಿಲ್ಕು ಅಂತೀವಿ, ಕೈಯಲ್ಲಿ ಉಳಿದದ್ದಕ್ಕೆ. ಕೊಡಬೇಕಾದದ್ದಕ್ಕೆ ಬಾಕಿ. ಎರಡಕ್ಕೂ 'ಬಾಕಿ' ಅಂತ ಬರೆದ ಪಾಸ್‌ಬುಕ್ ನೋಡಿದ್ದೇನೆ, ಅದೇ ಎಲ್ಲ ರಗಳೆಯ ಮೂಲ.

ಡಿಗ್ರಿ ಕಾಲೇಜು ಮೇಷ್ಟ್ರು
ಶಿಲ್ಕು ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. 'ಬಾಕಿ ಉಳಿದ ಮೊತ್ತ' ಅನ್ನುವುದೇ ಒಳ್ಳೆಯದು.

ಇಳಕಲ್ ಅಂಗಡಿ
ಅದರಲ್ಲೂ ಬಾಕಿ ಬಂತಲ್ಲ ಮೇಷ್ಟ್ರೇ!

ಗೋಕಾಕ ಅಕ್ಕ
ನಮ್ಮ ಅವ್ವ ಈಗಲೂ ಶಿಲ್ಕು ಅಂತಾಳೆ. ಹುಡುಗರಿಗೆ ಗೊತ್ತಿಲ್ಲ ಅಂದ್ರೆ ಹೇಳಿಕೊಡಿ.

ಟಿಳಕವಾಡಿ ಮಾಮಾ
ಜಗಳ ನಡೆಯಲಿ, ನಾನು ಎರಡನೇ ಪತ್ರ ಬರೆದು ಅಂಚೆಗೆ ಹಾಕಿ ಬಂದೆ. ಮೊದಲಿನದನ್ನು ಹರಿದು ಹಾಕು ಅಂತಲೂ ಬರೆದೆ. ಸ್ವಲ್ಪ ಭಾಗ ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಬೈಯಿರಿ:

"...ಪಾಸ್‌ಬುಕ್ ಅಂದರೆ ಕಿರಾಣಿ ಅಂಗಡಿಯಲ್ಲಿ ನಮ್ಮ ಮನೆಯ ಹೆಸರಿನ ಪುಟ ಇದೆಯಲ್ಲ, ಅಂಥದ್ದೇ. ಬರೆಯುವವನು ಅಂಗಡಿಯವನು. ನೀನು ಕೊಟ್ಟದ್ದು ಜಮಾ, ಅದೇ ಕ್ರೆಡಿಟ್. ನಿನ್ನ ಹೆಸರಿಗೆ ಬಿದ್ದದ್ದು ಡೆಬಿಟ್. ಹಸಿರು ಪಾಸ್‌ಬುಕ್‌ನಲ್ಲಿ ಕೊನೆಯ ಅಂಕಿಯ ಪಕ್ಕ `Cr` ಇದೆ, ಅದು ನಿನ್ನ ಶಿಲ್ಕು. ನೀಲಿ ಪಾಸ್‌ಬುಕ್‌ನಲ್ಲಿ `Dr` ಇದೆ, ಅದು ನಿನ್ನ ಬಾಕಿ. ಶಿಲ್ಕು ಏರಬೇಕು, ಬಾಕಿ ಇಳಿಯಬೇಕು. ಕಾರ್ಡಿನ ಹೆಸರಿನಲ್ಲಿರುವ ಕ್ರೆಡಿಟ್‌ಗೂ ಈ ಅಂಕಣದ ಕ್ರೆಡಿಟ್‌ಗೂ ಸಂಬಂಧ ಹಚ್ಚಬೇಡ. ಎಟಿಎಂ ಚೀಟಿಯಲ್ಲಿ ನೀಲಿ ಖಾತೆಗೆ 46,348 ಅಂತ ಬಂದರೆ ಅದು ಅಂಗಡಿಯವ ಇನ್ನೂ ಎಷ್ಟು ಉದ್ರಿ ಕೊಟ್ಟಾನು ಅನ್ನುವ ಲೆಕ್ಕ. ಅದನ್ನು ಎತ್ತುವ ಮೊದಲು ನಿನ್ನ ಅವ್ವನನ್ನು ಕೇಳು. ಮತ್ತೆ, ಬ್ಯಾಂಕಿಗೆ ಹೋಗಿ ಆ ಮೇಡಂ ಹತ್ತಿರ ತಪ್ಪಾಯಿತು ಅನ್ನು..."

ಕೌಂಟರ್ ಮೂರು
ಸರಿಯಾಗಿದೆ. ಒಂದೇ ತಿದ್ದುಪಡಿ: ಕೆಲವು ಬ್ಯಾಂಕಿನ ಪ್ರಿಂಟರು `Dr` ಬದಲು ಬರೀ ಮೈನಸ್ ಗೆರೆ ಹಾಕುತ್ತೆ. ರಿಬ್ಬನ್ ಒಣಗಿದ್ದರೆ ಅದೂ ಕಾಣುವುದಿಲ್ಲ. ಮೊದಲ ಪುಟದಲ್ಲಿ ಖಾತೆ ಯಾವ ಬಗೆಯದು ಅಂತ ಬರೆದಿರುತ್ತೆ, ಅದನ್ನು ನೋಡಿಕೊಳ್ಳಲಿ.

ಸುಮ್ನೆ ಓದೋನು
ಅವ್ವನನ್ನು ಕೇಳು ಅಂದದ್ದು ಸೂಪರ್.

ಟಿಳಕವಾಡಿ ಮಾಮಾ
ಪತ್ರ ಮುಟ್ಟಿತು. ಇವತ್ತು ಬೆಳಗ್ಗೆ ಫೋನ್ ಬಂದಿತ್ತು. ಮೇಡಂ ಹತ್ತಿರ ಹೋಗಿ ಒಂದು ಚೀಲ ಲಿಂಬಿಹಣ್ಣು ಇಟ್ಟು ಬಂದನಂತೆ, ಅವರು ನಾಲ್ಕು ತೆಗೆದುಕೊಂಡು ಉಳಿದದ್ದು ವಾಪಸ್ ಕೊಟ್ಟರಂತೆ. ಎಲ್ಲ ತಿಳೀತು ಅಂದ. ಆಮೇಲೆ ಕೇಳಿದ: "ಮಾಮಾ, ಬ್ಯಾಂಕಿನವ್ರು ನನ್ನ ಪುಟಾ ಬರಕೊಂಡಾರ, ಸರಿ. ಹಂಗಾರ ನಾನೂ ಒಂದು ವಹಿ ತಂದು ಬ್ಯಾಂಕಿನ ಹೆಸರಿಗೆ ಪುಟಾ ತಗೀಲೇನು?"

ಕೌಂಟರ್ ಮೂರು
ಮೇಷ್ಟ್ರೇ, ಇಂಡಿ ಬಸ್ ಎಷ್ಟು ಗಂಟೆಗಿದೆ ನೋಡಿ.